ಕಲ್ಯಾಣಿ ಮೆಟ್ಟಿಲ ಮೇಲಿನ ನೀಲಿ ಡ್ರಮ್: ಇನ್‌ಪೇಂಟಿಂಗ್‌ನಲ್ಲಿ ಪ್ಯಾಡಿಂಗ್, ಡಿನಾಯ್ಸ್ ಹೊಂದಿಸುವ ಬಗೆ

ಮೇಲುಕೋಟೆಯ ಕಲ್ಯಾಣಿಯಲ್ಲಿ ತೆಗೆದ ಮದುವೆ ಜೋಡಿಯ ಒಂದು ಫೋಟೋ ಇದೆ ಎಂದಿಟ್ಟುಕೊಳ್ಳಿ. ಬೆಳಕು ಚೆನ್ನಾಗಿದೆ, ಮಂಟಪದ ಕಂಬಗಳು ನೆಟ್ಟಗೆ ಬಂದಿವೆ, ಇಬ್ಬರ ಮುಖದಲ್ಲೂ ನಗು ಇದೆ. ಎಡಗಡೆ ಮೆಟ್ಟಿಲ ಮೇಲೆ ಮಾತ್ರ ಯಾರೋ ಇಟ್ಟು ಹೋದ ನೀಲಿ ಪ್ಲಾಸ್ಟಿಕ್ ಡ್ರಮ್ ಕೂತಿದೆ. ಎಐ ಇನ್‌ಪೇಂಟಿಂಗ್‌ನಲ್ಲಿ, ಅಂದರೆ ಮಾಸ್ಕ್ ಬಳಿದ ಜಾಗವನ್ನಷ್ಟೇ ಎಐ ಹೊಸದಾಗಿ ಬರೆಯುವ ವಿಧಾನದಲ್ಲಿ, ಅದನ್ನು ಅಳಿಸಲು ಎರಡು ನಿಮಿಷ ಸಾಕು. ಆದರೆ ಅಳಿಸಿದ ಜಾಗ ಹಳೇ ಪಂಚೆಗೆ ಹಾಕಿದ ಹೊಸ ತೇಪೆಯ ಹಾಗೆ ಎದ್ದು ಕಾಣುತ್ತದೆ. ಮೆಟ್ಟಿಲ ಗೆರೆ ಅಲ್ಲಿ ಸೊಟ್ಟಗಾಗುತ್ತದೆ, ಕಲ್ಲು ಅಲ್ಲಿ ಮಾತ್ರ ನುಣ್ಣಗಾಗುತ್ತದೆ, ಇಲ್ಲವೇ ಡ್ರಮ್ ಹೋಗಿ ಅದೇ ಆಕಾರದ ಕಲ್ಲಿನ ತೊಟ್ಟಿ ಬಂದು ಕೂರುತ್ತದೆ.

ಈ ತೊಂದರೆಗಳಲ್ಲಿ ಬಹುಪಾಲು ಎರಡು ಸ್ಲೈಡರ್‌ಗಳಿಂದ ಹುಟ್ಟುತ್ತವೆ: ಮಾಸ್ಕ್ ಪ್ಯಾಡಿಂಗ್ ಮತ್ತು ಡಿನಾಯ್ಸ್. ಎರಡನ್ನೂ ಕಣ್ಣಂದಾಜಿನಲ್ಲಿ ಎಳೆದಾಡುವವರೇ ಹೆಚ್ಚು. ಪ್ಯಾಡಿಂಗ್‌ಗೆ ಕಣ್ಣಂದಾಜು ಬೇಕಿಲ್ಲ, ಅದನ್ನು ಲೆಕ್ಕ ಹಾಕಿ ಇಡಬಹುದು. ಡಿನಾಯ್ಸ್‌ಗೆ ಲೆಕ್ಕವಿಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು, ಯಾವ ಕಡೆಗೆ ಸರಿಯಬೇಕು ಎಂಬುದಕ್ಕೆ ಕಾರಣಗಳಿವೆ. ಈ ಡ್ರಮ್ಮನ್ನೇ ಉದಾಹರಣೆಯಾಗಿಟ್ಟುಕೊಂಡು ಎರಡನ್ನೂ ನೋಡೋಣ. ಇಲ್ಲಿ ಹೇಳುವ ಹೆಸರುಗಳು ಸ್ಟೇಬಲ್ ಡಿಫ್ಯೂಷನ್‌ನ AUTOMATIC1111 ವೆಬ್‌ಯುಐಯಲ್ಲಿ ಇರುವಂಥವು. Forge ಬಳಸುವವರಿಗೂ ಹೆಚ್ಚು ವ್ಯತ್ಯಾಸವಿಲ್ಲ. ComfyUI ಬಳಸುವವರಿಗೆ ಮುಂದೆ ಬೇರೆಯೇ ಒಂದು ಮಾತಿದೆ.

ಪ್ಯಾಡಿಂಗ್ ಎಂದರೆ ನಿಜವಾಗಿ ಏನು

`Inpaint area` ಎಂಬಲ್ಲಿ ಎರಡು ಆಯ್ಕೆಗಳಿವೆ. `Whole picture` ಇಟ್ಟರೆ ಇಡೀ ಫೋಟೋವನ್ನು ನೀವು ಕೊಟ್ಟ ಅಗಲ-ಎತ್ತರಕ್ಕೆ ಕುಗ್ಗಿಸಿ ಕೆಲಸ ಮಾಡುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 4000×6000 ಫೋಟೋ ಅಲ್ಲಿ ಸಾವಿರ ಚಿಲ್ಲರೆ ಪಿಕ್ಸೆಲ್‌ಗೆ ಇಳಿದುಬಿಡುತ್ತದೆ. ಪ್ರಿಂಟ್‌ಗೆ ಕೊಡುವ ಕೆಲಸಕ್ಕೆ ಇದು ಆಗದ ಮಾತು. ನಮಗೆ ಬೇಕಾದದ್ದು `Only masked`.

ಇದನ್ನು ಆರಿಸಿದಾಗ ಒಳಗೆ ನಡೆಯುವುದು ಇಷ್ಟು. ನೀವು ಬಳಿದ ಮಾಸ್ಕಿನ ಸುತ್ತ ಒಂದು ಬಿಗಿಯಾದ ಆಯತ ಹಾಕುತ್ತದೆ. ಆ ಆಯತವನ್ನು ನಾಲ್ಕೂ ಕಡೆ `Only masked padding, pixels` ಹೇಳಿದಷ್ಟು ಹಿಗ್ಗಿಸುತ್ತದೆ. ಆಮೇಲೆ ನೀವು ಕೊಟ್ಟ ಅಗಲ-ಎತ್ತರದ ಅನುಪಾತಕ್ಕೆ ಹೊಂದುವಂತೆ ಯಾವ ಬದಿ ಕಿರಿದೋ ಆ ಬದಿಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ಆ ತುಂಡನ್ನು ಮಾತ್ರ ಕತ್ತರಿಸಿ, ನೀವು ಕೊಟ್ಟ ಅಳತೆಗೆ ಎಳೆದೋ ಕುಗ್ಗಿಸಿಯೋ ಮಾಡೆಲ್‌ಗೆ ಕೊಡುತ್ತದೆ. ಬಂದ ಚಿತ್ರವನ್ನು ಮತ್ತೆ ಮೂಲ ಅಳತೆಗೆ ತಂದು, ಮಾಸ್ಕ್ ಇದ್ದ ಕಡೆ ಮಾತ್ರ ಅಂಟಿಸುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಮಾಡೆಲ್‌ಗೆ ಕಾಣುವುದು ಆ ತುಂಡು ಮಾತ್ರ. ಆಚೆ ಮಂಟಪ ಇದೆಯೋ, ಮದುಮಗಳು ನಿಂತಿದ್ದಾಳೋ ಅದಕ್ಕೆ ಗೊತ್ತಿಲ್ಲ. ಇನ್ನೊಂದು, ಪ್ಯಾಡಿಂಗನ್ನು ಅಳೆಯುವುದು ಮೂಲ ಫೋಟೋದ ಪಿಕ್ಸೆಲ್‌ನಲ್ಲಿ. ಮೊದಲೇ ಇಟ್ಟಿರುವ 32 ಎಂಬ ಸಂಖ್ಯೆ 512 ಪಿಕ್ಸೆಲ್‌ನ ಚಿತ್ರಕ್ಕೆ ತಕ್ಕಮಟ್ಟಿಗೆ ಸರಿ. 6000 ಪಿಕ್ಸೆಲ್‌ನ ಫೋಟೋದಲ್ಲಿ ಅದು ಕೂದಲೆಳೆಯಷ್ಟು.

ಹಾಗಾದರೆ ಪ್ಯಾಡಿಂಗ್ ಹೆಚ್ಚಿಸುತ್ತಲೇ ಹೋಗಬಹುದಲ್ಲ ಎನಿಸಬಹುದು. ಆಗದು. ಪ್ಯಾಡಿಂಗ್ ಹೆಚ್ಚಾದಂತೆ ತುಂಡು ದೊಡ್ಡದಾಗುತ್ತದೆ. 2000 ಪಿಕ್ಸೆಲ್‌ನ ತುಂಡು 1024ಕ್ಕೆ ಕುಗ್ಗಿ, ಮತ್ತೆ 2000ಕ್ಕೆ ಹಿಗ್ಗಿ ಬಂದರೆ ತೇಪೆ ಮಸುಕಾಗಿರುತ್ತದೆ. ಸುತ್ತಲಿನ ಕಲ್ಲಿನಲ್ಲಿ ಕಾಣುವ ಸಣ್ಣ ಕಣಗಳು ಅಲ್ಲಿ ಇರುವುದಿಲ್ಲ. ಪ್ಯಾಡಿಂಗ್ ಸ್ಲೈಡರ್ ಎಷ್ಟು ಸುತ್ತಮುತ್ತಲು ಕಾಣಬೇಕು ಎಂಬುದನ್ನು ನಿರ್ಧರಿಸುವ ಜೊತೆಗೇ ತೇಪೆ ಎಷ್ಟು ಚೂಪಾಗಿರಬೇಕು ಎಂಬುದನ್ನೂ ನಿರ್ಧರಿಸಿಬಿಡುತ್ತದೆ. ಈ ಎರಡನೆಯದನ್ನು ಮರೆತವರಿಗೇ ಹೆಚ್ಚು ಫಜೀತಿ.

ಡ್ರಮ್ಮಿನ ಲೆಕ್ಕ

ಮೊದಲು ಫೋಟೋದಿಂದ ಡ್ರಮ್ ನಡುವೆ ಇರುವಂತೆ 2048×2048ರ ತುಂಡೊಂದನ್ನು ಫೋಟೋಶಾಪ್‌ನಲ್ಲೋ ಜಿಂಪ್‌ನಲ್ಲೋ ಕತ್ತರಿಸಿಕೊಳ್ಳಿ. ಇಡೀ ಫೋಟೋವನ್ನು ಬ್ರೌಸರ್‌ಗೆ ಹಾಕಿದರೆ ಮಾಸ್ಕ್ ಬಳಿಯುವಾಗಲೇ ತಡವರಿಸುತ್ತದೆ. ತುಂಡನ್ನು sRGB, 8 ಬಿಟ್ PNG ಆಗಿ ಉಳಿಸಿ. ಕ್ಯಾಮೆರಾದಲ್ಲಿ Adobe RGB ಇಟ್ಟು ತೆಗೆದ ಫೋಟೋವನ್ನು ಹಾಗೇ ಕೊಟ್ಟರೆ ವಾಪಸ್ ಬರುವಾಗ ಬಣ್ಣ ಪೇಲವವಾಗಿರುತ್ತದೆ, ಆ ತಪ್ಪನ್ನು ಮಾಡೆಲ್ ತಲೆಗೆ ಕಟ್ಟುವವರೂ ಇದ್ದಾರೆ. ಬಣ್ಣ ತಿದ್ದುವ ಕೆಲಸವನ್ನು ಇದಕ್ಕೆ ಮೊದಲೇ ಮುಗಿಸಿರಿ. ಶಾರ್ಪನಿಂಗನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ.

ಈಗ ಮಾಸ್ಕ್. ಡ್ರಮ್ಮಿನ ಅಂಚಿಗಿಂತ 10–15 ಪಿಕ್ಸೆಲ್ ಹೊರಗೆ ಬಳಿಯಿರಿ. ಡ್ರಮ್ಮಿನ ನೆರಳನ್ನೂ ಪೂರ್ತಿ ಮುಚ್ಚಿ. ನೆರಳು ಬಿಟ್ಟರೆ ಮಾಡೆಲ್ ಅದನ್ನು ನೋಡಿ, ನೆರಳಿದೆ ಎಂದ ಮೇಲೆ ವಸ್ತುವೂ ಇರಬೇಕು ಎಂಬಂತೆ ಅಲ್ಲೊಂದು ಕೊಡವನ್ನೋ ಕಲ್ಲನ್ನೋ ತಂದಿಡುತ್ತದೆ. ನೀಲಿ ಪ್ಲಾಸ್ಟಿಕ್ ಪಕ್ಕದ ಕಲ್ಲಿನ ಮೇಲೆ ತೆಳುವಾಗಿ ನೀಲಿ ಹೊಡೆದಿರುತ್ತದೆ, ಅದೂ ಮಾಸ್ಕಿನೊಳಗೆ ಬರಬೇಕು. ಕೆಳಗೆ ನೀರಿನಲ್ಲಿ ಬಿಂಬ ಬಿದ್ದಿದ್ದರೆ ಅದಕ್ಕೆ ಬೇರೆಯದೇ ಸುತ್ತು ಕೆಲಸ ಮಾಡಿ, ಇದರ ಜೊತೆ ಸೇರಿಸಬೇಡಿ.

ನೆರಳೂ ಸೇರಿ ಮಾಸ್ಕಿನ ಅಳತೆ 420 ಪಿಕ್ಸೆಲ್ ಅಗಲ, 560 ಎತ್ತರ ಬಂತು ಅನ್ನಿ. ಮಾಡೆಲ್ SDXL ಜಾತಿಯದು, ಹಾಗಾಗಿ ಕೆಲಸದ ಅಳತೆ, ಅಂದರೆ ನೀವು ಕೊಡುವ ಅಗಲ-ಎತ್ತರ, 1024×1024.

ಮೊದಲು ಏನೂ ಬದಲಿಸದೆ, ಮಾಸ್ಕಿನ ಅಂಚನ್ನು ಮೃದು ಮಾಡುವ `Mask blur` 4, ಪ್ಯಾಡಿಂಗ್ 32 ಇಟ್ಟರೆ ಏನಾಗುತ್ತದೆ ನೋಡಿ. ಬ್ಲರ್ ಕೂಡ ಮಾಸ್ಕಿನ ಆಯತವನ್ನು ಹಿಗ್ಗಿಸುತ್ತದೆ, ಪ್ರತಿ ಬದಿಗೆ ಬ್ಲರ್ ಸಂಖ್ಯೆಯ ಸುಮಾರು ಎರಡೂವರೆ ಪಟ್ಟು. ಹಾಗಾಗಿ ಎತ್ತರ 560ಕ್ಕೆ 20 ಸೇರಿ 580, ಪ್ಯಾಡಿಂಗ್‌ನ 64 ಸೇರಿ 644. ಚೌಕ ಮಾಡಬೇಕಾದ್ದರಿಂದ ತುಂಡು 644×644 ಆಗುತ್ತದೆ. ಅದು 1024ಕ್ಕೆ ಹಿಗ್ಗುತ್ತದೆ, ಅಂದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಚೂಪುತನಕ್ಕೆ ಕೊರತೆಯಿಲ್ಲ. ಆದರೆ ಡ್ರಮ್ಮಿನ ಎಡ-ಬಲಕ್ಕೆ ಕಾಣುವ ಮೆಟ್ಟಿಲು ತಲಾ 112 ಪಿಕ್ಸೆಲ್ ಮಾತ್ರ, ಮೇಲೆ-ಕೆಳಗೆ 42. ಮೆಟ್ಟಿಲ ಅಂಚಿನ ಗೆರೆ ಎಡದಿಂದ ಬಂದು ಡ್ರಮ್ಮಿನ ಹಿಂದೆ ಮರೆಯಾಗಿ ಬಲಕ್ಕೆ ಹೊರಬರುತ್ತದಲ್ಲ, ಆ ಗೆರೆ ಎಷ್ಟು ಓರೆಯಾಗಿದೆ ಎಂದು 112 ಪಿಕ್ಸೆಲ್ ತುಣುಕು ನೋಡಿ ಹೇಳುವುದು ಕಷ್ಟ. ಅದೂ ಹಳೇ ಕಲ್ಲು, ಅಂಚು ಸವೆದು ಏರಿಳಿದಿರುತ್ತದೆ. ಮಾಡೆಲ್ ಎರಡೂ ಕಡೆಯಿಂದ ಗೆರೆ ಎಳೆದುಕೊಂಡು ಬಂದು ನಡುವೆ ಎಲ್ಲೋ ಒಂದು ಸೊಟ್ಟ ಕೀಲು ಹಾಕುತ್ತದೆ.

ಈಗ ಲೆಕ್ಕ ಹಾಕೋಣ. ತುಂಡಿನ ಅಳತೆಯೂ ಕೆಲಸದ ಅಳತೆಯೂ ಒಂದೇ ಆಗಿದ್ದರೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದ್ದರಿಂದ ಸೂತ್ರ ಇಷ್ಟೇ:

```
padding = (ಕೆಲಸದ ಅಳತೆ − ಮಾಸ್ಕಿನ ಉದ್ದದ ಬದಿ − 5 × mask blur) ÷ 2
        = (1024 − 560 − 5 × 12) ÷ 2
        = 202
```

ಬ್ಲರ್ 12, ಪ್ಯಾಡಿಂಗ್ 200 ಇಟ್ಟರೆ ತುಂಡು ಸುಮಾರು 1020×1020. ಒಂದಕ್ಕೊಂದು ಸಮ. ಎಡ-ಬಲಕ್ಕೆ ತಲಾ 300 ಪಿಕ್ಸೆಲ್ ಮೆಟ್ಟಿಲು ಕಾಣುತ್ತದೆ, ಗೆರೆಯ ಓರೆ ತಿಳಿಯಲು ಅಷ್ಟು ಸಾಕಾಗುತ್ತದೆ.

ಮೆಟ್ಟಿಲಂಥ ಅಡ್ಡಗೆರೆಗಳ ಜಾಗಕ್ಕೆ ಇನ್ನೂ ಒಳ್ಳೆಯ ದಾರಿಯಿದೆ. ಮೇಲೆ-ಕೆಳಗಿನದಕ್ಕಿಂತ ಎಡ-ಬಲದ ನೋಟ ಇಲ್ಲಿ ಮುಖ್ಯ. ಕೆಲಸದ ಅಳತೆಯನ್ನು ಚೌಕದ ಬದಲು 1216×832 ಮಾಡಿ, ಪ್ಯಾಡಿಂಗ್ 100ಕ್ಕೆ ಇಳಿಸಿ. ಎತ್ತರ 560, ಬ್ಲರ್‌ನ 60, ಪ್ಯಾಡಿಂಗ್‌ನ 200 ಸೇರಿ 820. ಅನುಪಾತಕ್ಕಾಗಿ ಅಗಲ ತಾನಾಗಿ ಸುಮಾರು 1198ಕ್ಕೆ ಹಿಗ್ಗುತ್ತದೆ. ಚೂಪುತನ ಅಷ್ಟೇ ಇರುತ್ತದೆ, ಎಡ-ಬಲದ ನೋಟ ತಲಾ 389 ಪಿಕ್ಸೆಲ್‌ಗೆ ಏರುತ್ತದೆ. ಮಂಟಪದ ಕಂಬದಂಥ ನಿಂತ ಗೆರೆಗಳ ನಡುವೆ ಏನನ್ನಾದರೂ ಅಳಿಸುವುದಿದ್ದರೆ ಇದನ್ನೇ ತಿರುಗಿಸಿ 832×1216 ಮಾಡಿ. ಪ್ಯಾಡಿಂಗ್ ಸ್ಲೈಡರ್ ನಾಲ್ಕೂ ಕಡೆ ಒಂದೇ ಸಮ ಹಿಗ್ಗಿಸುವುದರಿಂದ, ಬೇಕಾದ ದಿಕ್ಕಿಗೆ ಮಾತ್ರ ಹಿಗ್ಗಿಸುವ ಕೆಲಸವನ್ನು ಹೀಗೆ ಅಗಲ-ಎತ್ತರದಿಂದ ಮಾಡಿಸಿಕೊಳ್ಳಬೇಕು.

ಒಂದೇ ಬದಿಗೆ ಹೆಚ್ಚು ನೋಟ ಬೇಕಿದ್ದರೆ, ಉದಾಹರಣೆಗೆ ಬಲಗಡೆ ಹಾನಿಯಾಗದ ಮೆಟ್ಟಿಲು ಚೆನ್ನಾಗಿದೆ, ಎಡಗಡೆ ಬರೀ ಗಿಡಗಂಟಿ ಎಂದಾದರೆ, ಬಲಗಡೆ ದೂರದಲ್ಲಿ ಮಾಸ್ಕ್ ಬ್ರಷ್‌ನಿಂದ ಒಂದು ಸಣ್ಣ ಚುಕ್ಕೆ ಇಡಿ. ಆಯತ ಆ ಚುಕ್ಕೆಯನ್ನೂ ಸೇರಿಸಿಕೊಂಡು ಆ ಕಡೆಗೆ ಬೆಳೆಯುತ್ತದೆ. ಚುಕ್ಕೆಯ ಜಾಗವೂ ಹೊಸದಾಗಿ ಬರೆಯಲ್ಪಡುತ್ತದೆ, ಆದ್ದರಿಂದ ಅದನ್ನು ಬರೀ ಕಲ್ಲಿನ ಮೇಲೆ ಇಡಿ, ಯಾರ ಮುಖದ ಮೇಲೂ ಬೇಡ.

ಮಾಸ್ಕೇ ದೊಡ್ಡದಾಗಿದ್ದರೆ? ಡ್ರಮ್ ಬದಲು 1500 ಪಿಕ್ಸೆಲ್ ಎತ್ತರದ ಫ್ಲೆಕ್ಸ್ ಬೋರ್ಡ್ ಇದ್ದರೆ ಸೂತ್ರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಆಗ ಸಮ ಅಳತೆಯ ಆಸೆ ಬಿಡಿ. ಮೊದಲ ಸುತ್ತಿನಲ್ಲಿ ಸ್ಲೈಡರಿನ ಗರಿಷ್ಠ 256 ಇಟ್ಟು, ಮಸುಕಾದರೂ ಸರಿ, ಆಕಾರವನ್ನು ಮಾತ್ರ ಸರಿಯಾಗಿ ಕೂರಿಸಿಕೊಳ್ಳಿ. ಆಮೇಲೆ ಆ ಜಾಗವನ್ನು 500–600 ಪಿಕ್ಸೆಲ್‌ನ ಭಾಗಗಳಾಗಿ ಮಾಡಿ, ಅಕ್ಕಪಕ್ಕದವು ಒಂದರ ಮೇಲೊಂದು ಸ್ವಲ್ಪ ಬರುವಂತೆ, ಕಡಿಮೆ ಡಿನಾಯ್ಸ್‌ನಲ್ಲಿ ಚೂಪು ಮಾಡಿಕೊಳ್ಳಿ.

ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ತೊಂದರೆ ಉಲ್ಟಾ. ಅಲ್ಲಿ ಡ್ರಮ್ 100 ಪಿಕ್ಸೆಲ್ ಇರುತ್ತದೆ. ಪ್ಯಾಡಿಂಗ್ 256 ಇಟ್ಟರೂ ತುಂಡು 1024 ಮುಟ್ಟುವುದಿಲ್ಲ. ತೇಪೆ ಸುತ್ತಲಿನದಕ್ಕಿಂತ ಚೂಪಾಗಿ, ಸ್ವಚ್ಛವಾಗಿ ಬಂದು ಕಣ್ಣಿಗೆ ಚುಚ್ಚುತ್ತದೆ. ಅದನ್ನು ಕೊನೆಗೆ ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಮಾಡಿ ಸುತ್ತಲಿನ ಮಟ್ಟಕ್ಕೆ ಇಳಿಸಬೇಕಾಗುತ್ತದೆ.

ಡಿನಾಯ್ಸ್: ಕೆಳಗಿರುವುದರಲ್ಲಿ ಎಷ್ಟು ಉಳಿಯಬೇಕು

`Denoising strength` 0 ಇದ್ದರೆ ಏನೂ ಬದಲಾಗದು, 1 ಇದ್ದರೆ ಮಾಸ್ಕಿನೊಳಗಿನ ಹಳೆಯದರಲ್ಲಿ ಹೆಚ್ಚುಕಡಿಮೆ ಏನೂ ಉಳಿಯದು. ನಡುವಿನ ಸಂಖ್ಯೆಗಳ ಅರ್ಥ ಹಿಡಿಯಲು ಒಂದು ವಿಷಯ ಗೊತ್ತಿದ್ದರೆ ಸಾಕು. ಮಾಡೆಲ್ ಗದ್ದಲದಿಂದ, ಅಂದರೆ ಅಡ್ಡಾದಿಡ್ಡಿ ಚುಕ್ಕೆಗಳ ನಾಯ್ಸ್‌ನಿಂದ, ಚಿತ್ರ ಬಿಡಿಸುವಾಗ ಮೊದಲ ಹಂತಗಳಲ್ಲಿ ದೊಡ್ಡ ಆಕಾರ ಮತ್ತು ಒಟ್ಟು ಬಣ್ಣ ತೀರ್ಮಾನವಾಗುತ್ತವೆ, ಕೊನೆಯ ಹಂತಗಳಲ್ಲಿ ಸಣ್ಣ ವಿವರ. ಡಿನಾಯ್ಸ್ ಕಡಿಮೆ ಇಟ್ಟರೆ ಆ ಮೊದಲ ಹಂತಗಳನ್ನೇ ಬಿಟ್ಟು ಶುರು ಮಾಡಿದ ಹಾಗೆ. ಆದ್ದರಿಂದ ಕಡಿಮೆ ಡಿನಾಯ್ಸ್‌ಗೆ ಕಲ್ಲಿನ ಕಣ ಬದಲಿಸಲು ಬರುತ್ತದೆ, ನೀಲಿಯನ್ನು ಬೂದು ಮಾಡಲು ಬರುವುದಿಲ್ಲ.

ನಮ್ಮ ಡ್ರಮ್ಮಿನ ಮೇಲೆ ಇದು ಹೀಗೆ ಕಾಣುತ್ತದೆ. `Masked content` ಎಂಬಲ್ಲಿ `original` ಇದೆ ಅನ್ನಿ. 0.4ರಲ್ಲಿ ಡ್ರಮ್ ಡ್ರಮ್ಮಾಗಿಯೇ ಇರುತ್ತದೆ, ಸ್ವಲ್ಪ ಹಳತಾದಂತೆ. 0.6ರಲ್ಲಿ ನೀಲಿ ಛಾಯೆಯ ಕಲ್ಲಿನ ತೊಟ್ಟಿ. 0.75ರಲ್ಲಿ ತೊಟ್ಟಿ ಕರಗಲು ತೊಡಗುತ್ತದೆ, ಆದರೆ ಮೆಟ್ಟಿಲು ಅಲ್ಲಿ ಉಬ್ಬಿರುತ್ತದೆ. 0.9 ದಾಟಿದ ಮೇಲೆ ಡ್ರಮ್ ಹೋಗುತ್ತದೆ, ಅಷ್ಟರಲ್ಲಿ ಬೇರೆ ಕಷ್ಟ ಶುರುವಾಗಿರುತ್ತದೆ. ಸಾಮಾನ್ಯ ಮಾಡೆಲ್‌ಗಳಲ್ಲಿ ಮಾಸ್ಕಿನ ಹೊರಗಿನ ಭಾಗವೂ ಆಯಾ ಹಂತದ ಗದ್ದಲದೊಂದಿಗೇ ಇರುತ್ತದೆ. ಮೊದಲ ಹಂತಗಳಲ್ಲಿ ಸುತ್ತಲಿನ ಮೆಟ್ಟಿಲೂ ಗದ್ದಲದಲ್ಲಿ ಮುಚ್ಚಿಹೋಗಿರುವುದರಿಂದ ಮಾಡೆಲ್ ಕತ್ತಲಲ್ಲಿ ತಡಕಾಡುತ್ತಾ ಒಳಗಿನ ಆಕಾರವನ್ನು ತೀರ್ಮಾನಿಸಿಬಿಡುತ್ತದೆ. ಹೊರಗಿನದು ಸ್ಪಷ್ಟವಾಗುವ ಹೊತ್ತಿಗೆ ತಡವಾಗಿರುತ್ತದೆ. ಗೆರೆಗಳು ಹೊಂದದಿರುವುದು, ಇದ್ದಕ್ಕಿದ್ದಂತೆ ಅಲ್ಲೊಂದು ವಿಗ್ರಹ ಹುಟ್ಟುವುದು ಇದರಿಂದಲೇ.

ಈ ಇಕ್ಕಟ್ಟಿನಿಂದ ಪಾರಾಗಲು ಸುಲಭದ ದಾರಿ `Masked content` ಅನ್ನು `fill` ಮಾಡುವುದು. ಇದು ಮಾಸ್ಕಿನ ಸುತ್ತಲಿನ ಬಣ್ಣವನ್ನು ಒಳಕ್ಕೆ ಹಿಂಜಿ ಹರಡುತ್ತದೆ. ಡ್ರಮ್ಮಿನ ಜಾಗದಲ್ಲಿ ಬೂದು-ಕಂದು ಮಬ್ಬು ಬರುತ್ತದೆ, ನೀಲಿಯೂ ಇಲ್ಲ, ಆಕಾರವೂ ಇಲ್ಲ. ಮಾಸ್ಕ್ ಬಿಗಿಯಾಗಿ ಬಳಿದು ಅಂಚಿನಲ್ಲಿ ನೀಲಿ ಎಳೆ ಉಳಿದಿದ್ದರೆ ಅದೇ ನೀಲಿ ಒಳಕ್ಕೆ ಹರಡುತ್ತದೆ. 10–15 ಪಿಕ್ಸೆಲ್ ಹೊರಗೆ ಬಳಿಯಿರಿ ಎಂದದ್ದು ಇದಕ್ಕಾಗಿ. `fill` ಇಟ್ಟ ಮೇಲೆ ಸಾಮಾನ್ಯ ಮಾಡೆಲ್‌ನಲ್ಲಿ 0.75ರಿಂದ 0.85ರ ನಡುವೆ ಶುರು ಮಾಡಿ. 0.5ರಲ್ಲಿ ಮಬ್ಬು ಮಬ್ಬಾಗಿಯೇ ಉಳಿದು ಸಾರಿಸಿದ ನೆಲದಂತೆ ಕಾಣುತ್ತದೆ, ಮೆಟ್ಟಿಲ ಅಂಚು ಹುಟ್ಟುವುದಿಲ್ಲ. `latent noise` ಮತ್ತು `latent nothing` ಎಂಬ ಇನ್ನೆರಡು ಆಯ್ಕೆಗಳಿವೆ. ಡಿನಾಯ್ಸ್ 1ರ ಹತ್ತಿರ ಇಲ್ಲದಿದ್ದರೆ ಅವು ಗದ್ದಲವನ್ನೋ ಚಪ್ಪಟೆ ಬಣ್ಣವನ್ನೋ ಹಾಗೇ ಉಳಿಸುತ್ತವೆ. ಈ ಕೆಲಸಕ್ಕೆ ಅವು ಬೇಕಿಲ್ಲ.

ಹೆಸರಿನಲ್ಲೇ `inpainting` ಎಂದಿರುವ ಮಾಡೆಲ್‌ಗಳ ರೀತಿ ಬೇರೆ. ಅವಕ್ಕೆ ಮಾಸ್ಕನ್ನೂ, ಮಾಸ್ಕ್ ತೆಗೆದ ಸ್ವಚ್ಛ ಚಿತ್ರವನ್ನೂ ಬೇರೆ ದಾರಿಯಲ್ಲಿ ಒಟ್ಟಿಗೇ ಕೊಡಲಾಗುತ್ತದೆ. ಸುತ್ತಲಿನದು ಮೊದಲ ಹಂತದಿಂದಲೇ ಅವಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಅವುಗಳಲ್ಲಿ 0.9, 0.95ರವರೆಗೆ ಧೈರ್ಯವಾಗಿ ಹೋಗಬಹುದು. ಹಿಂದೆ ಹೇಳಿದ ಪ್ಯಾಡಿಂಗ್ ಲೆಕ್ಕ ಇವಕ್ಕೂ ಬೇಕು, ಯಾಕೆಂದರೆ ಸ್ಪಷ್ಟವಾಗಿ ಕಾಣುವುದೂ ಆ ತುಂಡಿನ ಒಳಗಿನದು ಮಾತ್ರ.

ನಮ್ಮ ಅಭಿಪ್ರಾಯ ಕೇಳಿದರೆ, ಗೆರೆಗಳಿರುವ ಜಾಗಕ್ಕೆ ಎಲ್ಲಕ್ಕಿಂತ ನಂಬಿಕಸ್ಥ ದಾರಿ ಕೈಕೆಲಸ. ಫೋಟೋಶಾಪ್‌ನಲ್ಲಿ ಪಕ್ಕದ ಮೆಟ್ಟಿಲನ್ನೇ ಕ್ಲೋನ್ ಸ್ಟ್ಯಾಂಪ್‌ನಿಂದ ಒರಟಾಗಿ ಡ್ರಮ್ಮಿನ ಮೇಲೆ ಎಳೆಯಿರಿ. ಅಂಚಿನ ಗೆರೆಗಳು ಎಡದಿಂದ ಬಲಕ್ಕೆ ಸರಿಯಾಗಿ ಸೇರಿದರೆ ಸಾಕು, ಉಳಿದದ್ದು ಎಷ್ಟೇ ಕೆಟ್ಟದಾಗಿರಲಿ. ಆಮೇಲೆ `original` ಇಟ್ಟು 0.4–0.5ರಲ್ಲಿ ಓಡಿಸಿ. ಆಕಾರ, ಬಣ್ಣ ನಿಮ್ಮದು, ಸವೆದ ಕಲ್ಲಿನ ಮೈ ಮಾಡೆಲ್‌ನದು. ಹತ್ತು ನಿಮಿಷದ ಈ ಕೆಲಸಕ್ಕೆ ಸೋಮಾರಿತನ ಮಾಡಿ ಗಂಟೆಗಟ್ಟಲೆ ಸೀಡ್ ಬದಲಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಓಡಿಸುವ ಕ್ರಮ

ಪ್ರಾಂಪ್ಟ್‌ನಲ್ಲಿ ಆ ತುಂಡಿನಲ್ಲಿ ಇರಬೇಕಾದದ್ದನ್ನು ಮಾತ್ರ ಬರೆಯಿರಿ. ಮದುಮಕ್ಕಳು, ದೇವಸ್ಥಾನ, ಕಲ್ಯಾಣಿ ಎಂದೆಲ್ಲ ಬರೆದರೆ ಮಾಡೆಲ್ ಆ 1000 ಪಿಕ್ಸೆಲ್ ತುಂಡನ್ನೇ ಇಡೀ ಫೋಟೋ ಎಂದುಕೊಂಡು ಡ್ರಮ್ಮಿನ ಜಾಗದಲ್ಲಿ ಗೇಣುದ್ದದ ಮದುಮಗಳನ್ನು ಕೂರಿಸುತ್ತದೆ. ಡ್ರಮ್ ತೆಗೆ ಎಂದು ಬರೆಯುವುದೂ ತಪ್ಪು. ಇಂಥ ಮಾಡೆಲ್‌ಗೆ ಅಪ್ಪಣೆ ಅರ್ಥವಾಗುವುದಿಲ್ಲ, ಡ್ರಮ್ ಎಂಬ ಪದ ಮಾತ್ರ ನಾಟುತ್ತದೆ.

```
Prompt:   weathered granite stone steps, worn edges, daylight
Negative: drum, barrel, pot, statue, person, text
Steps: 30   Denoising: 0.8   Mask blur: 12   Padding: 100
Masked content: fill   Inpaint area: Only masked
Size: 1216x832
```

ಸೀಡ್ ಒಂದಕ್ಕೆ ಕಟ್ಟಿಹಾಕಿ. `X/Y/Z plot` ಸ್ಕ್ರಿಪ್ಟ್‌ನಲ್ಲಿ `Denoising` ಆರಿಸಿ `0.65, 0.75, 0.85, 0.95` ಕೊಟ್ಟು ನಾಲ್ಕನ್ನೂ ಪಕ್ಕಪಕ್ಕ ನೋಡಿ. ಸೀಡ್ ಬದಲಾಗುತ್ತಿದ್ದರೆ ವ್ಯತ್ಯಾಸ ಸೀಡ್‌ನದೋ ಡಿನಾಯ್ಸ್‌ನದೋ ತಿಳಿಯದು. ಪ್ಯಾಡಿಂಗ್ ಮತ್ತು ಡಿನಾಯ್ಸ್ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಲೆಕ್ಕ ಹಾಕಿದ ಪ್ಯಾಡಿಂಗ್ ಹಾಗೇ ಇರಲಿ, ಡಿನಾಯ್ಸ್ ಮಾತ್ರ ಆಡಿಸಿ. ಸ್ಟೆಪ್ಸ್ ಬಗ್ಗೆ ಒಂದು ಮಾತು: 30 ಸ್ಟೆಪ್ಸ್ ಕೊಟ್ಟು ಡಿನಾಯ್ಸ್ 0.8 ಇಟ್ಟರೆ ನಿಜವಾಗಿ ಓಡುವುದು ಸುಮಾರು 24, 0.3 ಇಟ್ಟರೆ ಸುಮಾರು 9. ಹಾಗಾಗಿ ಕಡಿಮೆ ಡಿನಾಯ್ಸ್‌ನ ಸುತ್ತುಗಳಲ್ಲಿ ಸ್ಟೆಪ್ಸನ್ನು 40–50ಕ್ಕೆ ಏರಿಸಿ.

ನಾಲ್ಕರಲ್ಲಿ ಆರಿಸುವಾಗ ಕಲ್ಲಿನ ಅಂದ ನೋಡಬೇಡಿ, ಗೆರೆಗಳನ್ನು ನೋಡಿ. ಮೆಟ್ಟಿಲ ಅಂಚು ಎರಡೂ ಬದಿಗೆ ಸರಿಯಾಗಿ ಕೂಡಿರುವುದನ್ನೇ ತೆಗೆದುಕೊಳ್ಳಿ. ಮೈ, ಬಣ್ಣ, ಬೆಸುಗೆ ಎಲ್ಲವನ್ನೂ ಮುಂದಿನ ಸುತ್ತಿನಲ್ಲಿ ಸರಿಪಡಿಸಬಹುದು. ಸೊಟ್ಟ ಗೆರೆಯನ್ನು ಕಡಿಮೆ ಡಿನಾಯ್ಸ್‌ನಲ್ಲಿ ನೇರ ಮಾಡಲಾಗದು.

ಎರಡನೇ ಸುತ್ತು ಬೆಸುಗೆಗೆ. ಮೊದಲ ಫಲಿತಾಂಶವನ್ನು ಮತ್ತೆ ಒಳಗೆ ಕಳಿಸಿ, ಹಳೇ ಮಾಸ್ಕಿನ ಅಂಚಿನ ಉದ್ದಕ್ಕೂ, ಒಳಗೆ 40 ಹೊರಗೆ 40 ಪಿಕ್ಸೆಲ್ ಬರುವಂತೆ ಬಳೆಯ ಆಕಾರದಲ್ಲಿ ಬಳಿಯಿರಿ. ಈಗ ಆಯತ 500×640. ಬ್ಲರ್ 24ಕ್ಕೆ ಏರಿಸಿ, ಕೆಲಸದ ಅಳತೆ 1024×1024 ಮಾಡಿ. ಸೂತ್ರದಲ್ಲಿ ಹಾಕಿದರೆ 1024ರಲ್ಲಿ 640, 120 ಕಳೆದು ಅರ್ಧ, 132. ಪ್ಯಾಡಿಂಗ್ 130 ಇಡಿ. `original`, ಡಿನಾಯ್ಸ್ 0.3. ಅಂಚಿನ ಎರಡೂ ಕಡೆಯ ಕಲ್ಲು ಒಂದೇ ಕೈಯಿಂದ ಮರುಬರೆದಂತಾಗಿ ಬೆಸುಗೆ ಮುಚ್ಚಿಕೊಳ್ಳುತ್ತದೆ. 0.45 ದಾಟಿದರೆ ಬಳೆಯೇ ಹೊಸ ತೇಪೆಯಾಗಿ ಕಾಣತೊಡಗುತ್ತದೆ.

ಬ್ಲರ್ ಯಾಕೆ 4 ಸಾಲದು ಎಂದರೆ, ಮಾಡೆಲ್ ಕೆಲಸ ಮಾಡುವ ಜಾಲರಿಯ ಒಂದು ಕಣ ಚಿತ್ರದ 8×8 ಪಿಕ್ಸೆಲ್‌ಗೆ ಸಮ. ಅಂಥ ಎರಡು-ಮೂರು ಕಣಗಳಷ್ಟೇ ಅಗಲದ ಮಿಶ್ರಣಕ್ಕೆ ಬೆಸುಗೆ ಮುಚ್ಚುವ ಶಕ್ತಿ ಇರುವುದಿಲ್ಲ. ಹಾಗೆಂದು ಮೊದಲ ಸುತ್ತಿನಲ್ಲೇ 30–40 ಇಟ್ಟರೆ ಅಂಚಿನಲ್ಲಿ ಹಳೇ ಡ್ರಮ್ಮಿನ ನೀಲಿ ಅರೆಬರೆ ಇಣುಕುತ್ತದೆ.

ಸೆಟ್ಟಿಂಗ್ಸ್‌ನಲ್ಲಿ `Apply color correction to img2img results to match original colors` ಎಂದೊಂದಿದೆ. ಎರಡನೇ ಸುತ್ತಿನಲ್ಲಿ ಬಣ್ಣ ಸರಿದಂತೆ ಕಂಡರೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಡ್ರಮ್ ಇನ್ನೂ ಇರುವ ಚಿತ್ರಕ್ಕೆ `original` ಇಟ್ಟು ಇದನ್ನು ಹಚ್ಚಿದರೆ, ಮೂಲದ ನೀಲಿಗೆ ಹೊಂದಿಸಲು ಹೋಗಿ ಕಲ್ಲಿಗೇ ನೀಲಿ ಬಳಿಯುತ್ತದೆ.

ComfyUIಯವರಿಗೆ

ಅಲ್ಲಿ ಕತ್ತರಿಸಿ ಅಂಟಿಸುವ ಕೆಲಸ ತಾನಾಗಿ ನಡೆಯುವುದಿಲ್ಲ, ಅದಕ್ಕೆ ಬೇರೆ ನೋಡ್ ಜೋಡಿಸಬೇಕು ಅಥವಾ ಮೇಲೆ ಹೇಳಿದ ಲೆಕ್ಕದಂತೆ ನೀವೇ ಕತ್ತರಿಸಿಕೊಂಡು ಹೋಗಬೇಕು. ಹೆಚ್ಚು ಜನ ಎಡವುವುದು ಇನ್ನೊಂದು ಕಡೆ. `VAE Encode (for Inpainting)` ನೋಡ್ ಮಾಸ್ಕಿನೊಳಗನ್ನು ಬೂದು ಬಣ್ಣದಿಂದ ಅಳಿಸಿಬಿಡುತ್ತದೆ, ಆದ್ದರಿಂದ ಅದರ ಜೊತೆ ಡಿನಾಯ್ಸ್ 1 ಇರಲೇಬೇಕು. 0.5 ಇಟ್ಟು ಬೂದು ಕಲೆ ಬಂತು ಎಂದು ಗೋಳಾಡುವುದು ಇದರಿಂದ. ಕಡಿಮೆ ಡಿನಾಯ್ಸ್ ಬೇಕಿದ್ದರೆ ಸಾಮಾನ್ಯ `VAE Encode` ಹಾಕಿ, ಅದರ ನಂತರ `Set Latent Noise Mask` ಜೋಡಿಸಿ. ಕೊನೆಗೆ ಫಲಿತಾಂಶವನ್ನು `ImageCompositeMasked`ನಿಂದ ಮೂಲದ ಮೇಲೆ ಮಾಸ್ಕ್ ಇದ್ದಷ್ಟೇ ಅಂಟಿಸಿ. ಇಲ್ಲದಿದ್ದರೆ ಮಾಸ್ಕಿನ ಹೊರಗಿನ ಚಿತ್ರವೂ ಎನ್‌ಕೋಡ್-ಡಿಕೋಡ್ ಆಗಿ ಸಣ್ಣ ವಿವರ ಕಳೆದುಕೊಂಡಿರುತ್ತದೆ.

ಕೆಳಗಿನದು ಉಳಿಯಲೇಬೇಕಾದಾಗ

ಡ್ರಮ್‌ಗೆ ತದ್ವಿರುದ್ಧವಾದ ಕೆಲಸ ರೇಷ್ಮೆ ಸೀರೆಯ ಮೇಲಿನ ಅರಿಶಿನದ ಕಲೆ. ಮೈಸೂರು ಸಿಲ್ಕಿನ ಮೈ, ಮಡಿಕೆ, ಜರಿ ಅಂಚು ಎಲ್ಲವೂ ಇದ್ದಂತೇ ಉಳಿಯಬೇಕು, ಕಲೆ ಮಾತ್ರ ಹೋಗಬೇಕು. ಇಲ್ಲಿ `fill` ಬೇಡವೇ ಬೇಡ, 0.8ನ್ನು ಮುಟ್ಟಲೂಬೇಡಿ. ಬೇರೆ ಸೀರೆಯೇ ಬಂದೀತು. ಆದರೆ 0.35ಕ್ಕೆ ಇಳಿಸಿದರೆ ಕಲೆಯ ಹಳದಿ ಹೋಗದು, ಕಾರಣ ಮೇಲೆ ಹೇಳಿದ್ದೇ. ಮೊದಲು ಫೋಟೋಶಾಪ್‌ನಲ್ಲಿ ಕಲರ್ ಮೋಡಿನ ಬ್ರಷ್‌ನಿಂದ ಕಲೆಯ ಮೇಲೆ ಸೀರೆಯದೇ ಬಣ್ಣ ಬಳಿದು ಹಳದಿಯನ್ನು ಕೊಲ್ಲಿ, ಆಮೇಲೆ 0.3–0.35ರಲ್ಲಿ ಮೈ ಹೊಂದಿಸಿ. ರಫು ಮಾಡುವವರು ಮೊದಲು ನೂಲಿನ ಬಣ್ಣ ಹುಡುಕುವ ಹಾಗೆ. ಜರಿಯ ವಿನ್ಯಾಸದ ಮೇಲೆ ಕಲೆ ಬಿದ್ದಿದ್ದರೆ ಪ್ಯಾಡಿಂಗ್ ಒಳಗೆ ಅದೇ ವಿನ್ಯಾಸ ಕನಿಷ್ಠ ಎರಡು ಸಲ ಮರುಕಳಿಸಿರುವಂತೆ ನೋಡಿಕೊಳ್ಳಿ. ಒಂದೇ ಮಾವಿನಕಾಯಿ ಬುಟ್ಟಾ ನೋಡಿದ ಮಾಡೆಲ್‌ಗೆ ಅದು ಸಾಲಾಗಿ ಬರುತ್ತದೆ ಎಂದು ತಿಳಿಯದು.

ಕಲ್ಲಿನಲ್ಲಿ ಕೊರೆದ ಶಾಸನ, ದೇವಸ್ಥಾನದ ಫಲಕದ ಅಕ್ಷರ ಇವುಗಳ ಮೇಲೆ ಮಾಸ್ಕ್ ಬಂದರೆ ಯಾವ ಸಂಖ್ಯೆಯೂ ಕಾಪಾಡದು. ಕನ್ನಡದಂತೆ ಕಾಣುವ ಆದರೆ ಓದಲಾಗದ ಗೀಚು ಬರುತ್ತದೆ. ಅಕ್ಷರವಿರುವ ಜಾಗವನ್ನು ಮಾಸ್ಕಿನಿಂದ ಹೊರಗಿಡಿ ಅಥವಾ ಬೇರೆ ಫೋಟೋದಿಂದ ತಂದು ಕೂರಿಸಿ.

ಬೆಸುಗೆ ಪರೀಕ್ಷೆ

ಮೊದಲು ಕತ್ತರಿಸಿಕೊಂಡಿದ್ದ 2048ರ ತುಂಡನ್ನು ಮೂಲ ಫೋಟೋದ ಮೇಲೆ ಬೇರೆ ಲೇಯರ್ ಆಗಿ ಅದೇ ಜಾಗಕ್ಕೆ ಕೂರಿಸಿ, ಲೇಯರ್ ಮಾಸ್ಕ್‌ನಿಂದ ತೇಪೆಯ ಜಾಗ ಮಾತ್ರ ಕಾಣುವಂತೆ ಮಾಡಿ. 100%ನಲ್ಲಿ ನೋಡಿ, ಆಮೇಲೆ ಮೇಲೊಂದು ಕರ್ವ್ಸ್ ಲೇಯರ್ ಹಾಕಿ ಕಾಂಟ್ರಾಸ್ಟ್ ವಿಪರೀತ ಏರಿಸಿ. ಸಾದಾ ಕಣ್ಣಿಗೆ ತಪ್ಪಿಸಿಕೊಂಡದ್ದೆಲ್ಲ ಈಗ ಹೊರಬೀಳುತ್ತದೆ. ಮಾಸ್ಕಿನ ಅಂಚಿನಗುಂಟ ತೆಳು ಗೆರೆ ಕಂಡರೆ ಬ್ಲರ್ ಸಾಲದು, ಬೆಸುಗೆ ಸುತ್ತು ಇನ್ನೊಮ್ಮೆ ಮಾಡಿ. ತೇಪೆ ಪೂರ್ತಿ ಒಂದು ಬಣ್ಣಕ್ಕೆ ವಾಲಿದ್ದರೆ ಕರ್ವ್ಸ್‌ನಲ್ಲೇ ಆ ಲೇಯರ್ ಮಾತ್ರ ತಿದ್ದಿ, ಅದಕ್ಕಾಗಿ ಮತ್ತೆ ಮಾಡೆಲ್ ಓಡಿಸುವುದು ದಂಡ. ಡ್ರಮ್ಮಿನ ಆಕಾರದ ಮಬ್ಬು ನೆರಳು ಇಣುಕಿದರೆ ಡಿನಾಯ್ಸ್ ಕಡಿಮೆಯಾಯಿತು ಅಥವಾ ಮಾಸ್ಕ್ ಬಿಗಿಯಾಯಿತು, ಮೊದಲ ಸುತ್ತಿಗೇ ಹಿಂದಿರುಗಬೇಕು.

ಎಲ್ಲ ಹೊಂದಿದ ಮೇಲೂ ಒಂದು ಉಳಿಯುತ್ತದೆ. ಕ್ಯಾಮೆರಾ ಫೋಟೋದಲ್ಲಿ, ಅದರಲ್ಲೂ ಸಂಜೆಯ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದದ್ದರಲ್ಲಿ, ಎಲ್ಲೆಡೆ ಸಣ್ಣ ಗ್ರೇನ್ ಇರುತ್ತದೆ. ಮಾಡೆಲ್ ಬರೆದ ಕಲ್ಲಿನಲ್ಲಿ ಅದು ಇರುವುದಿಲ್ಲ, ಪ್ರಿಂಟ್ ದೊಡ್ಡದಾದಷ್ಟೂ ಆ ಜಾಗ ನುಣ್ಣಗೆ ಹೊಳೆಯುತ್ತದೆ. ತೇಪೆಯ ಲೇಯರ್‌ಗೆ ಮಾತ್ರ `Add Noise` ಹಾಕಿ `Gaussian`, `Monochromatic` ಆರಿಸಿ 1.5%ನಿಂದ ಶುರು ಮಾಡಿ, 200%ಗೆ ಝೂಮ್ ಮಾಡಿ ಪಕ್ಕದ ಕಲ್ಲಿನ ಗ್ರೇನ್‌ಗೆ ಸಮನಾಗುವವರೆಗೆ ಏರಿಸಿ. ಆಮೇಲೆ ಎರಡೂ ಲೇಯರ್ ಸೇರಿಸಿ, ಬಾಕಿ ಇಟ್ಟಿದ್ದ ಶಾರ್ಪನಿಂಗನ್ನು ಇಡೀ ಫೋಟೋಗೆ ಒಂದೇ ಸಲ ಕೊಡಿ.